ಮನೆಯವರ ದನಿಗಳನ್ನು ತುಂಬಿಟ್ಟಿದ್ದ ಹಾರ್ಡ್ ಡಿಸ್ಕ್ ಕೆಟ್ಟಿದೆ: ಕ್ಯಾಸೆಟ್‌ಗಳನ್ನು ಮತ್ತೆ ಇಳಿಸಿಕೊಳ್ಳುವುದು ಹೇಗೆ, ಎಷ್ಟು ಪ್ರತಿ ಇಡಬೇಕು?

ಸಾಗರದ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ನಮ್ಮ ಮನೆಯಲ್ಲಿ ಸುಮಾರು ನಲವತ್ತು ಕ್ಯಾಸೆಟ್‌ಗಳಿದ್ದವು. ಕೆಲವುಗಳಲ್ಲಿ ನಮ್ಮ ತಂದೆಯವರ ಗಮಕ ವಾಚನವಿದೆ, ಕೆಲವುಗಳಲ್ಲಿ ನಮ್ಮತ್ತೆ ಮತ್ತು ಅವರ ಓರಗೆಯ ಹೆಂಗಸರು ಮದುವೆ ಮನೆಗಳಲ್ಲಿ ಹೇಳಿದ ಹಸೆ ಹಾಡುಗಳಿವೆ. ಉಳಿದವು ಮಸ್ಕತ್‌ನಲ್ಲಿ ಕೆಲಸಕ್ಕಿದ್ದ ನಮ್ಮಣ್ಣ ಕಾಗದ ಬರೆಯುವ ಬದಲು ಮಾತಾಡಿ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದ ಕ್ಯಾಸೆಟ್‌ಗಳು. ಈ ಮೂವರೂ ಈಗಿಲ್ಲ.

ನಿವೃತ್ತಿಯ ನಂತರ ಇವೆಲ್ಲವನ್ನೂ ಟೂ-ಇನ್-ಒನ್‌ನ ಹೆಡ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿನ ಮೈಕ್ ತೂತಿಗೆ ವೈರು ಹಾಕಿ, ಆಡಾಸಿಟಿಯಲ್ಲಿ ಇಳಿಸಿಕೊಂಡೆ. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದಾದಾಗ ಎಲ್ಲವನ್ನೂ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಸಾಗಿಸಿದೆ. ಈಗ ಆ ಡಿಸ್ಕನ್ನು ಸಿಕ್ಕಿಸಿದರೆ ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತದೆಯೇ ಹೊರತು ಕಂಪ್ಯೂಟರಿನಲ್ಲಿ ಏನೂ ಕಾಣಿಸುವುದಿಲ್ಲ.

ಮುವ್ವತ್ತನಾಲ್ಕು ಕ್ಯಾಸೆಟ್‌ಗಳು ಇನ್ನೂ ಟ್ರಂಕಿನಲ್ಲಿವೆ. ಆರು ಮಾತ್ರ ಇಲ್ಲ. ಅವುಗಳಲ್ಲಿ ಕೆಲವಕ್ಕೆ ಬೂಷ್ಟು ಹಿಡಿದಿದ್ದರಿಂದ ಮನೆಗೆ ಸುಣ್ಣ ಬಳಿಸುವಾಗ ಹೊರಗೆ ಹೋದವು, ಕೆಲವು ನೆಂಟರ ಮನೆ ಸೇರಿದವು. ಡಿಸ್ಕಿನಿಂದ ಏನಾದರೂ ತೆಗೆಯಲು ಸಾಧ್ಯವೇ? ಉಳಿದವನ್ನು ಮತ್ತೆ ಇಳಿಸಿಕೊಳ್ಳುವುದಾದರೆ ಈ ಸಲ ಯಾವ ಕ್ರಮ ಅನುಸರಿಸಬೇಕು? ಮುಖ್ಯವಾಗಿ, ಎಷ್ಟು ಪ್ರತಿ ಇಡಬೇಕು, ಎಲ್ಲಿ ಇಡಬೇಕು? ಕ್ಯಾಸೆಟ್ಟಿನ ಕಾಲದಲ್ಲಿ ಪ್ರತಿಯಿಂದ ಪ್ರತಿ ಮಾಡಿದಷ್ಟೂ ದನಿ ಮಂಕಾಗುತ್ತಿತ್ತು. ಆದ್ದರಿಂದ ಅಸಲನ್ನು ಒಂದೇ ಕಡೆ ಜೋಪಾನವಾಗಿಡುವುದೇ ನಮ್ಮ ಕಾಲದವರ ರೂಢಿ.

ಕರಾವಳಿ ಕಂಪ್ಯೂಟರ್

ಟೀಚರ್, ಮೊದಲು ಕೇಬಲ್ ಬದಲಿಸಿ ನೋಡಿ. ವಿದ್ಯುತ್ತು ಸಾಲದಿದ್ದರೂ ಡಿಸ್ಕ್ ಹೀಗೆ ಸದ್ದು ಮಾಡುತ್ತದೆ. ಅದರಿಂದಲೂ ಆಗದಿದ್ದರೆ ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರಿನಲ್ಲಿಟ್ಟು ತೆಗೆದರೆ ಸ್ವಲ್ಪ ಹೊತ್ತು ಓಡುತ್ತದೆ, ಅಷ್ಟರಲ್ಲಿ ನಕಲು ಮಾಡಿಕೊಳ್ಳಬಹುದು. ಮುಂದಕ್ಕೆ ಎಲ್ಲವನ್ನೂ ಎಂಪಿ-3 ಮಾಡಿ ಗೂಗಲ್ ಡ್ರೈವಿಗೆ ಹಾಕಿ ಸಿಂಕ್ ಮಾಡಿಟ್ಟರೆ ಮುಗಿಯಿತು, ಇಷ್ಟು ಚಿಂತೆ ಮಾಡುವ ಅಗತ್ಯವೇ ಇಲ್ಲ.

ಧಾರವಾಡದ ಹಳೆಯ ಡೆಕ್

ಫ್ರೀಜರಿನ ಉಪಾಯವನ್ನು ದಯವಿಟ್ಟು ಮಾಡಬೇಡಿ, ಟೀಚರ್. ತಂಪಾದ ಡಿಸ್ಕನ್ನು ಹೊರಗೆ ತೆಗೆದ ಕೂಡಲೇ ಗಾಳಿಯ ತೇವ ಅದರ ಮೇಲೆ ನೀರಾಗಿ ಕೂರುತ್ತದೆ. ಸಾಗರದ ಹವೆಯಲ್ಲಿ ಹೇಳುವುದೇ ಬೇಡ. ಆ ತೇವ ಒಳಗಿನ ತಟ್ಟೆಗಳನ್ನು ಮುಟ್ಟಿದರೆ, ತಜ್ಞರು ತೆಗೆದುಕೊಡಬಹುದಾಗಿದ್ದುದೂ ಕೈತಪ್ಪುತ್ತದೆ.

ಕೇಬಲ್ಲಿನ ಮಾತು ಮಾತ್ರ ಸರಿಯಾಗಿಯೇ ಇದೆ. ಬೇರೆ ಕೇಬಲ್ ಹಾಕಿ, ಸಾಧ್ಯವಾದರೆ ಡೆಸ್ಕ್‌ಟಾಪ್ ಕಂಪ್ಯೂಟರೊಂದರ ಹಿಂಬದಿಯ ಯುಎಸ್‌ಬಿ ತೂತಿಗೆ ಒಂದೇ ಒಂದು ಬಾರಿ ಸಿಕ್ಕಿಸಿ ನೋಡಿ. ಆಗಲೂ ಟಿಕ್ ಟಿಕ್ ಎಂದರೆ ಕೂಡಲೇ ತೆಗೆದು ಬದಿಗಿಡಿ. ಡಿಸ್ಕಿನೊಳಗೆ ತಟ್ಟೆಯ ಮೇಲೆ ಓದುವ ಹೆಡ್ ಇರುತ್ತದೆ. ತಾನು ಎಲ್ಲಿದ್ದೇನೆಂಬುದು ಅದಕ್ಕೆ ತಿಳಿಯದೆ ಹೋದಾಗ ಅದನ್ನು ಹೊತ್ತ ತೋಳು ಮತ್ತೆ ಮತ್ತೆ ಮೊದಲಿನ ಜಾಗಕ್ಕೆ ಮರಳುತ್ತದೆ, ನಿಮಗೆ ಕೇಳುತ್ತಿರುವುದು ಆ ಸದ್ದು. ಕೆಟ್ಟ ಹೆಡ್ ತಟ್ಟೆಯನ್ನು ಕೆರೆಯುತ್ತಿದ್ದರೆ, ನೀವು ಆಸೆಯಿಂದ ಪ್ರತಿ ಬಾರಿ ಸಿಕ್ಕಿಸಿದಾಗಲೂ ಇನ್ನಷ್ಟು ಅಳಿಸಿಹೋಗುತ್ತಿರುತ್ತದೆ.

ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ಬಿಚ್ಚಿ, ಹೆಡ್ ಬದಲಿಸಿ ಓದುವವರು ಬೆಂಗಳೂರಿನಲ್ಲಿದ್ದಾರೆ. ಅದು ದುಬಾರಿ ಕೆಲಸ, ಎಲ್ಲವೂ ಸಿಗುತ್ತದೆಂಬ ಖಾತರಿಯೂ ಇಲ್ಲ. ಆದ್ದರಿಂದ ಮುವ್ವತ್ತನಾಲ್ಕರ ಚಿಂತೆಯನ್ನು ಸದ್ಯಕ್ಕೆ ಬಿಡಿ, ಅವು ಟ್ರಂಕಿನಲ್ಲಿವೆ. ಇಲ್ಲದ ಆ ಆರರಲ್ಲಿ ಯಾರ ದನಿ ಇತ್ತು, ಅದೇ ಹಾಡು ಅಥವಾ ಅದೇ ವಾಚನ ಬೇರೆ ಕ್ಯಾಸೆಟ್ಟಿನಲ್ಲಿಯೂ ಇದೆಯೇ ಎಂದು ಒಂದು ಪಟ್ಟಿ ಮಾಡಿ. ಅದನ್ನು ನೋಡಿದ ಮೇಲೆ ಹಣ ಖರ್ಚು ಮಾಡಬೇಕೋ ಬೇಡವೋ ಎಂಬುದನ್ನು ನೀವೇ ತೀರ್ಮಾನಿಸಬಲ್ಲಿರಿ. ಅಲ್ಲಿಯವರೆಗೆ ಡಿಸ್ಕನ್ನು ಎಸೆಯಬೇಡಿ.

ತುಮಕೂರು ತಮ್ಮ

ಅಕ್ಕಾ, ಇಳಿಸಿಕೊಂಡ ಮೇಲೆ ಹಳೆಯ ಕ್ಯಾಸೆಟ್‌ಗಳನ್ನು ಏನು ಮಾಡುವುದೆಂದು ತಾವು ಕೇಳುತ್ತಿದ್ದರೆ, ಹಳೆಯ ಸಿನಿಮಾ ಹಾಡಿನ ಕ್ಯಾಸೆಟ್‌ಗಳನ್ನು ಕೊಳ್ಳುವ ಸಂಗ್ರಾಹಕರು ಬಹಳ ಜನ ಇದ್ದಾರೆ. ನಾನೂ ನನ್ನವನ್ನು ಹಾಗೆಯೇ ಕೊಟ್ಟೆ.

ಸಾಗರದ ಟೀಚರ್

ತಮ್ಮ, ನನ್ನ ಪ್ರಶ್ನೆ ಮಾರಾಟದ್ದಲ್ಲ. ಇವು ಅಂಗಡಿಯಲ್ಲಿ ಸಿಗುವ ಕ್ಯಾಸೆಟ್‌ಗಳಲ್ಲ, ನಮ್ಮ ಮನೆಯಲ್ಲಿಯೇ ಮುದ್ರಿಸಿದವು. ಲೋಕದಲ್ಲಿ ಇನ್ನೊಂದು ಕಡೆ ಇವು ಇಲ್ಲ.

ಹಳೆಯ ಡೆಕ್ ಅವರೇ, ಬೇರೆ ಕೇಬಲ್ ಹಾಕಿ ನೋಡಿದೆ, ಅದೇ ಸದ್ದು. ಡಿಸ್ಕನ್ನು ತೆಗೆದಿಟ್ಟಿದ್ದೇನೆ. ಪಟ್ಟಿ ಮಾಡಿದಾಗ ಕಂಡದ್ದೇನೆಂದರೆ, ಇಲ್ಲದ ಆರರಲ್ಲಿ ನಾಲ್ಕು ತಂದೆಯವರ ವಾಚನ, ಆ ಭಾಗಗಳನ್ನು ಅವರು ಬೇರೆ ವರ್ಷಗಳಲ್ಲಿಯೂ ವಾಚಿಸಿದ್ದು ಉಳಿದ ಕ್ಯಾಸೆಟ್‌ಗಳಲ್ಲಿದೆ. ಒಂದು ಅಣ್ಣನ ಕಾಗದ. ಇನ್ನೊಂದು ನನ್ನ ನಾದಿನಿಯ ಮದುವೆಯ ಹಸೆ ಹಾಡು, 1984ರದು. ಅದರಲ್ಲಿ ಅತ್ತೆ ಒಬ್ಬರೇ ಹೇಳಿದ ಹಾಡುಗಳಿದ್ದವು.

ಧಾರವಾಡದ ಹಳೆಯ ಡೆಕ್

ನಾದಿನಿಯ ಮದುವೆಯೆಂದರೆ ಅವರ ಗಂಡನ ಮನೆಯಲ್ಲಿ ವಿಚಾರಿಸಿ. ಆ ಕಾಲದಲ್ಲಿ ಮದುವೆಯ ಕ್ಯಾಸೆಟ್ಟನ್ನು ಬೀಗರಿಗೆ ನಕಲು ಮಾಡಿ ಕೊಡುವುದು ಸಾಮಾನ್ಯವಾಗಿತ್ತು.

ಇಳಿಸುವ ಕ್ರಮದ ಬಗ್ಗೆ ಈಗ ಹೇಳುತ್ತೇನೆ. ಲ್ಯಾಪ್‌ಟಾಪಿನ ಮೈಕ್ ತೂತು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದಲ್ಲ. ಮೈಕಿನ ಸಣ್ಣ ಸಂಕೇತವನ್ನು ಹಿಗ್ಗಿಸುವುದಕ್ಕೆ ಅದು ಇರುವುದರಿಂದ ಕ್ಯಾಸೆಟ್ಟಿನ ದನಿ ಅಲ್ಲಿ ಒಡೆಯುತ್ತದೆ, ಇಲ್ಲದ ಹಿಸ್ ಶಬ್ದವೂ ಸೇರಿಕೊಳ್ಳುತ್ತದೆ. ಲೈನ್-ಇನ್ ಇರುವ ಒಂದು ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ತೆಗೆದುಕೊಳ್ಳಿ. ಯಾರಾದರೂ ನೆಂಟರ ಮನೆಯಲ್ಲಿ ಹಳೆಯ ಟೇಪ್ ಡೆಕ್ ಇದ್ದರೆ ಅದರ ಲೈನ್-ಔಟಿನಿಂದ ತೆಗೆಯುವುದು ಉತ್ತಮ. ಟೂ-ಇನ್-ಒನ್ ಒಂದೇ ಗತಿಯಾದರೆ ಅದರ ವಾಲ್ಯೂಮನ್ನು ಅರ್ಧಕ್ಕಿಟ್ಟು, ಆಡಾಸಿಟಿಯ ಮಾಪಕದಲ್ಲಿ ಅತಿ ಜೋರಾದ ಜಾಗವೂ −6ರ ಆಸುಪಾಸಿನಲ್ಲಿ ನಿಲ್ಲುವಂತೆ ಹೊಂದಿಸಿ. ದನಿ ಸಣ್ಣದಾದರೆ ಆಮೇಲೆ ಹೆಚ್ಚಿಸಬಹುದು, ಸೊನ್ನೆಯನ್ನು ಮುಟ್ಟಿ ಒಡೆದ ದನಿಯನ್ನು ಸರಿಪಡಿಸಲು ಆಗುವುದಿಲ್ಲ.

ಪ್ರತಿ ಕ್ಯಾಸೆಟ್ಟಿಗೂ ಮೊದಲು ಹೆಡ್, ಕ್ಯಾಪ್‌ಸ್ಟನ್ ಕಂಬಿ ಮತ್ತು ರಬ್ಬರ್ ಗಾಲಿಯನ್ನು ಒರೆಸಬೇಕು. ಲೋಹದ ಭಾಗಗಳಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿ ಸಾಕು. ಹತ್ತಿ ಕಂದು ಬಣ್ಣಕ್ಕೆ ತಿರುಗಿದರೆ ಅದು ಹಿಂದಿನ ಟೇಪುಗಳಿಂದ ಉದುರಿದ ಪುಡಿ. ಹಾಗೆಯೇ ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳು ಇನ್ನೂ ಇದ್ದರೆ ಮುರಿದುಬಿಡಿ. ಅವಿಲ್ಲದಿದ್ದರೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅದು ಇಳಿಯುವುದಿಲ್ಲ.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಮುದ್ರಿಸಿದ ಯಂತ್ರದ ಹೆಡ್ ನಿಂತಿದ್ದ ಕೋನವೂ ಕೇಳಿಸುವ ಯಂತ್ರದ ಹೆಡ್ ನಿಂತಿರುವ ಕೋನವೂ ಸ್ವಲ್ಪ ವ್ಯತ್ಯಾಸವಾದರೆ ದನಿ ಕಂಬಳಿ ಹೊದ್ದಂತೆ ಕೇಳುತ್ತದೆ. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಒಂದು ಸಣ್ಣ ಸ್ಕ್ರೂ ಇರುತ್ತದೆ. ಕ್ಯಾಸೆಟ್ ಓಡುತ್ತಿರುವಾಗ ಅದನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸುತ್ತಾ, ವಾಚನದಲ್ಲಿ ಬರುವ ಸಕಾರ, ಶಕಾರಗಳು ಎಲ್ಲಿ ಅತ್ಯಂತ ಸ್ಪಷ್ಟವಾಗಿ ಕೇಳುತ್ತವೆಯೋ ಅಲ್ಲಿ ನಿಲ್ಲಿಸಿ. ಬೇರೆ ಯಂತ್ರದಲ್ಲಿ ಮುದ್ರಿಸಿದ ಕ್ಯಾಸೆಟ್ ಬಂದಾಗ ಮತ್ತೆ ಹೊಂದಿಸಬೇಕು. ಅಣ್ಣನವರು ಮಸ್ಕತ್‌ನಲ್ಲಿ ಬಳಸಿದ್ದು ಬೇರೆ ಯಂತ್ರವಾದ್ದರಿಂದ ಅವುಗಳಿಗೆ ಇದು ಬೇಕಾಗಬಹುದು. ಶಬ್ದ ಶುದ್ಧಿ ಮಾಡುವ ಫಿಲ್ಟರುಗಳನ್ನು ಮೂಲ ಫೈಲಿನ ಮೇಲೆ ಪ್ರಯೋಗಿಸಬೇಡಿ. ಟೇಪಿನಲ್ಲಿ ಇದ್ದದ್ದು ಇದ್ದಂತೆಯೇ ಒಮ್ಮೆ ಉಳಿಯಲಿ.

ಕರಾವಳಿ ಕಂಪ್ಯೂಟರ್

ಮನೆಯಲ್ಲಿ ಮುದ್ರಿಸಿದ ದನಿಗೆ ಇಷ್ಟೆಲ್ಲ ಬೇಕೇ ಎಂಬುದು ನನ್ನ ಪ್ರಶ್ನೆ. ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್‌ಗಳು ಕಡಿಮೆ ಬೆಲೆಗೆ ಸಿಗುತ್ತವೆ, ನೇರವಾಗಿ ಎಂಪಿ-3 ಮಾಡಿಕೊಡುತ್ತವೆ. ಪ್ರತಿ ಮಾಡಿದಾಗಲೆಲ್ಲ ಎಂಪಿ-3 ಸ್ವಲ್ಪ ಸ್ವಲ್ಪ ಕೆಡುತ್ತದೆ ಎಂಬುದು ನಿಜವೇ ಇರಬಹುದು, ಆದರೆ ಮಾತು ಅರ್ಥವಾದರೆ ಸಾಕಲ್ಲವೇ?

ಮೈಸೂರಿನ ಗ್ರಂಥಪಾಲ

ಪ್ರತಿ ಮಾಡಿದಾಗ ಎಂಪಿ-3 ಕೆಡುವುದಿಲ್ಲ. ಅದನ್ನು ತೆರೆದು, ತಿದ್ದಿ, ಮತ್ತೆ ಎಂಪಿ-3 ಆಗಿ ಉಳಿಸಿದಾಗ ಮಾತ್ರ ಕೆಡುತ್ತದೆ. ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಟೀಚರ್ ಅವರ ಮೊದಲ ಬರಹದ ಕೊನೆಯಲ್ಲಿ ಬಂದ ಮಾತು ಹುಟ್ಟುತ್ತದೆ, ಮತ್ತು ನನ್ನ ಮಟ್ಟಿಗೆ ಈ ಚರ್ಚೆಯ ತಿರುಳೇ ಅದು.

ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲು ಮಾಡಿದರೆ ಪ್ರತಿ ಸಲವೂ ಹಿಸ್ ಹೆಚ್ಚಿ, ಮೇಲಿನ ಸ್ವರಗಳು ಕುಗ್ಗುತ್ತಿದ್ದುದು ಸತ್ಯ. ಅಲ್ಲಿ ಅಸಲು ಒಂದೇ, ಉಳಿದದ್ದೆಲ್ಲ ಅದರ ಮಂಕಾದ ನೆರಳು. ಆದ್ದರಿಂದ ಅಸಲನ್ನು ಆದಷ್ಟು ಮುಟ್ಟದೆ, ಒಂದೇ ಕಡೆ ಕಾಪಾಡುವುದು ವಿವೇಕವಾಗಿತ್ತು. ಫೈಲಿನ ವಿಷಯ ಹಾಗಲ್ಲ. ಸರಿಯಾಗಿ ನಕಲಾದ ಫೈಲು ಮೊದಲನೆಯದಕ್ಕಿಂತ ಒಂದು ಅಂಶವೂ ಕಡಿಮೆಯಲ್ಲ, ನೂರನೆಯ ಪ್ರತಿಯೂ ಅಸಲೇ. ಹೀಗಾಗಿ ಕ್ಯಾಸೆಟ್ಟನ್ನು ಜೋಪಾನ ಮಾಡಿದ ರೀತಿಯಲ್ಲಿಯೇ ಫೈಲನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಜೋಪಾನ ಮಾಡಿದರೆ ಅದು ರಕ್ಷಣೆಯಾಗುವುದಿಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. ಕ್ಯಾಸೆಟ್ ಕೆಡುವಾಗ ನಿಧಾನವಾಗಿ, ಸೂಚನೆ ಕೊಟ್ಟು ಕೆಡುತ್ತದೆ. ಹಾರ್ಡ್ ಡಿಸ್ಕ್ ನಿನ್ನೆಯವರೆಗೂ ಸರಿಯಾಗಿದ್ದು ಇಂದು ಎಲ್ಲವನ್ನೂ ಒಟ್ಟಿಗೆ ಕೊಂಡೊಯ್ಯುತ್ತದೆ.

ಎಷ್ಟು ಪ್ರತಿ ಎಂಬ ಪ್ರಶ್ನೆಗೆ ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಎಂಬ ಲೆಕ್ಕ ಮನೆಯ ಬಳಕೆಗೂ ಸಾಕು. ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದು ಪ್ರತಿ ಮನೆಯಿಂದ ಹೊರಗಿರಬೇಕು. ಮೂರು ಎಂಬ ಸಂಖ್ಯೆಗಿಂತ ಮುಖ್ಯವಾದದ್ದು, ಒಂದೇ ಅಪಾಯ ಮೂರನ್ನೂ ಮುಟ್ಟಬಾರದು ಎಂಬುದು. ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡ ಎರಡು ಡಿಸ್ಕುಗಳನ್ನು ಒಂದೇ ಗೋಡ್ರೇಜ್ ಬೀರುವಿನಲ್ಲಿಟ್ಟರೆ ಕಳ್ಳತನ, ಬೆಂಕಿ, ಸೋರುವ ಮಾಡು, ಇವುಗಳ ಲೆಕ್ಕದಲ್ಲಿ ಅವು ಒಂದೇ ಪ್ರತಿ. ಮಲೆನಾಡಿನಲ್ಲಿ ಸಿಡಿಲನ್ನೂ ಸೇರಿಸಿಕೊಳ್ಳಬೇಕು. ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಟ್ಟ ಡಿಸ್ಕು ಕಂಪ್ಯೂಟರಿನ ಜೊತೆಯಲ್ಲಿಯೇ ಸುಟ್ಟುಹೋಗಬಲ್ಲದು.

ಧಾರವಾಡದ ಹಳೆಯ ಡೆಕ್

ಗ್ರಂಥಪಾಲರ ಮಾತಿಗೆ ಒಂದು ಸೇರ್ಪಡೆ. ಅಗ್ಗದ ಯುಎಸ್‌ಬಿ ಪ್ಲೇಯರುಗಳಲ್ಲಿ ಬಹುಪಾಲು ವೇಗ ಸ್ಥಿರವಾಗಿರುವುದಿಲ್ಲ. ಮಾತಿಗೆ ಅದು ನಡೆದೀತು, ಆದರೆ ಗಮಕದ ಎಳೆದ ಸ್ವರ ಅಲುಗಾಡಿದರೆ ಕಿವಿಗೆ ಕೂಡಲೇ ತಿಳಿಯುತ್ತದೆ. ಟೇಪು ಇನ್ನೊಮ್ಮೆ ಓಡುತ್ತದೆಯೋ ಇಲ್ಲವೋ ತಿಳಿಯದಿರುವಾಗ, ಓಡಿದ ಆ ಒಂದು ಸಲ ಒಳ್ಳೆಯ ಯಂತ್ರದಲ್ಲಿ ಓಡಲಿ ಎಂಬುದಷ್ಟೇ ನನ್ನ ಕಾಳಜಿ.

ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವಾದ ಐಎಎಸ್‌ಎ ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್ ಎಂದು ಸೂಚಿಸುತ್ತದೆ. ಆ ಲೆಕ್ಕದಲ್ಲಿ ಒಂದು ಗಂಟೆಯ ಸ್ಟೀರಿಯೊ ವೇವ್ ಫೈಲು ಸುಮಾರು ಒಂದು ಜಿಬಿ ಆಗುತ್ತದೆ. ಮುವ್ವತ್ತನಾಲ್ಕು ಕ್ಯಾಸೆಟ್‌ಗಳು ಎಲ್ಲವೂ ಸಿ-60 ಆಗಿದ್ದರೆ 34 ಜಿಬಿ, ನಡುವೆ ಕೆಲವು ಸಿ-90 ಇದ್ದರೂ ಒಂದು 64 ಜಿಬಿ ಪೆನ್‌ಡ್ರೈವಿನಲ್ಲಿ ಹಿಡಿಸುತ್ತದೆ. ಇಷ್ಟಕ್ಕಾಗಿ ಎಂಪಿ-3 ಮಾಡಿ ಜಾಗ ಉಳಿಸುವ ಅಗತ್ಯ ನನಗೆ ಕಾಣುವುದಿಲ್ಲ. ನೆಂಟರಿಗೆ ಕಳಿಸಲು ಬೇಕಾದರೆ ವೇವ್‌ನಿಂದ ಪ್ರತ್ಯೇಕವಾಗಿ ಎಂಪಿ-3 ಮಾಡಿಕೊಳ್ಳಿ.

ನ್ಯೂಜೆರ್ಸಿ ಕನ್ನಡತಿ

ಸಿಂಕ್ ಮಾಡಿಟ್ಟರೆ ಮುಗಿಯಿತು ಎಂದವರಿಗೆ ನಮ್ಮ ಮನೆಯ ಸಂಗತಿಯನ್ನು ಹೇಳಬೇಕು. ಅಜ್ಜಿ ಹೇಳಿದ ಕಥೆಗಳನ್ನು ನಾವು ಅಕ್ಕತಂಗಿಯರು ಮೂರು ಊರುಗಳಲ್ಲಿ ಹಂಚಿಕೊಂಡ ಒಂದೇ ಫೋಲ್ಡರಿನಲ್ಲಿ ಇಟ್ಟಿದ್ದೆವು. ಬೆಂಗಳೂರಿನ ಅಕ್ಕ ತನ್ನ ಕಂಪ್ಯೂಟರಿನಲ್ಲಿ ಜಾಗ ಮಾಡಿಕೊಳ್ಳಲು ಆ ಫೋಲ್ಡರನ್ನು ಅಳಿಸಿದಳು. ನನ್ನ ಕಂಪ್ಯೂಟರಿನಿಂದಲೂ ತಂಗಿಯ ಕಂಪ್ಯೂಟರಿನಿಂದಲೂ ಅದು ತಾನಾಗಿ ಹೋಯಿತು. ಸಿಂಕ್ ಮಾಡುವ ಕೆಲಸವೇ ಅದು, ಒಂದು ಕಡೆ ಆದದ್ದನ್ನು ಎಲ್ಲ ಕಡೆಯೂ ಮಾಡುತ್ತದೆ. ಗೂಗಲ್ ಡ್ರೈವಿನ ಕಸದ ಬುಟ್ಟಿಯಲ್ಲಿ ಅಳಿಸಿದ ಫೈಲುಗಳು 30 ದಿನ ಇರುತ್ತವೆ. ನಾವು ಗಮನಿಸುವಷ್ಟರಲ್ಲಿ ಆ ಅವಧಿ ದಾಟಿತ್ತು. ಮೂರು ಊರು, ಮೂರು ಕಂಪ್ಯೂಟರು ಇದ್ದರೂ ನಮ್ಮ ಹತ್ತಿರ ಇದ್ದದ್ದು ಒಂದೇ ಪ್ರತಿ.

ಕರಾವಳಿ ಕಂಪ್ಯೂಟರ್

ಅದು ಸಿಂಕ್‌ನ ದೋಷವಲ್ಲ, ಅಳಿಸಿದವರದು. ಬಳಸುವುದನ್ನು ತಿಳಿದುಕೊಂಡರೆ ಕ್ಲೌಡಿಗಿಂತ ಭದ್ರವಾದ ಜಾಗ ಬೇರೊಂದಿಲ್ಲ. ಮನೆಯ ಡಿಸ್ಕು ಕೆಟ್ಟರೂ, ಮನೆಗೆ ಬೆಂಕಿ ಬಿದ್ದರೂ ಅಲ್ಲಿ ಇರುತ್ತದೆ.

ನ್ಯೂಜೆರ್ಸಿ ಕನ್ನಡತಿ

ಮನುಷ್ಯರು ತಪ್ಪಾಗಿ ಅಳಿಸುತ್ತಾರೆ ಎಂಬುದನ್ನೂ ಸಿಡಿಲಿನಂತೆಯೇ ಒಂದು ಅಪಾಯವೆಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದಷ್ಟೇ ನನ್ನ ಮಾತು. ಕ್ಲೌಡಿನಲ್ಲಿ ಒಂದು ಪ್ರತಿ ಇರಲಿ, ಆದರೆ ಅದು ಯಾವ ಕಂಪ್ಯೂಟರಿನ ಜೊತೆಯೂ ಸಿಂಕ್ ಆಗದಂತೆ, ಕೈಯಿಂದ ಏರಿಸಿದ್ದಾಗಿರಲಿ. ಹಂಚಿಕೊಳ್ಳುವಾಗ ಉಳಿದವರಿಗೆ ನೋಡುವ ಅನುಮತಿಯನ್ನು ಮಾತ್ರ ಕೊಡಲಿ. ಉಚಿತವಾಗಿ ಸಿಗುವ 15 ಜಿಬಿಯಲ್ಲಿ ಜಿಮೇಲೂ ಫೋಟೊಗಳೂ ಸೇರಿರುವುದರಿಂದ ಟೀಚರ್ ಅವರ ವೇವ್ ಫೈಲುಗಳು ಅಲ್ಲಿ ಹಿಡಿಸುವುದಿಲ್ಲ, ಚಂದಾ ಕಟ್ಟಬೇಕಾಗುತ್ತದೆ. ಚಂದಾ ನಿಂತ ಮೇಲೆ ಫೈಲುಗಳ ಗತಿಯೇನು ಎಂಬುದನ್ನೂ ಯೋಚಿಸಬೇಕು.

ಹಾಸನದ ಸೊಸೆ

ಒಂದು ಮಾತು ಕೇಳಬಹುದೇ? ಟೀಚರ್ ಅವರ ಅಣ್ಣನ ಕ್ಯಾಸೆಟ್‌ಗಳು ಕಾಗದಗಳಿದ್ದಂತೆ. ನಮ್ಮ ಮನೆಯಲ್ಲಿಯೂ ಅಂಥವು ಇವೆ, ಅದರಲ್ಲಿ ಸಾಲದ ವಿಷಯ, ಅಣ್ಣತಮ್ಮಂದಿರ ನಡುವಿನ ಮನಸ್ತಾಪ, ಹೆಂಡತಿಗೆ ಮಾತ್ರ ಹೇಳಿದ ಮಾತು ಎಲ್ಲವೂ ಸೇರಿವೆ. ಮೂರು ಪ್ರತಿ ಮಾಡಿ ಒಂದನ್ನು ನೆಂಟರ ಮನೆಯಲ್ಲಿಡಿ ಎನ್ನುವಾಗ ಅದನ್ನೆಲ್ಲ ಯಾರು ಕೇಳುತ್ತಾರೆ ಎಂಬುದನ್ನು ಯಾರೂ ಹೇಳುತ್ತಿಲ್ಲ.

ಮೈಸೂರಿನ ಗ್ರಂಥಪಾಲ

ಸರಿಯಾದ ಪ್ರಶ್ನೆ. ಹಾಡು ಮತ್ತು ವಾಚನಗಳನ್ನು ಒಂದು ಫೋಲ್ಡರಿನಲ್ಲಿಯೂ ಖಾಸಗಿ ಮಾತುಗಳನ್ನು ಇನ್ನೊಂದರಲ್ಲಿಯೂ ಇಟ್ಟು, ಎರಡನೆಯದಕ್ಕೆ ಪಾಸ್‌ವರ್ಡ್ ಹಾಕಿ ಹೊರಗಿಡಬಹುದು. ಆದರೆ ಆ ಪಾಸ್‌ವರ್ಡ್ ಒಬ್ಬರಿಗೇ ಗೊತ್ತಿದ್ದು, ಅವರು ಮರೆತರೆ ಅಥವಾ ತೀರಿಕೊಂಡರೆ ಪ್ರತಿಗಳಿದ್ದೂ ಇಲ್ಲದಂತಾಗುತ್ತದೆ. ಕಾಗದದಲ್ಲಿ ಬರೆದು, ಮನೆಯ ಆಸ್ತಿಪತ್ರಗಳಿರುವ ಕವರಿನಲ್ಲಿಡಬೇಕು ಎನ್ನುವವರ ಪಕ್ಷ ನನ್ನದು.

ಹಾಸನದ ಸೊಸೆ

ಆಸ್ತಿಪತ್ರದ ಕವರನ್ನು ಮೊದಲು ತೆರೆಯುವವರೇ ಆ ಮಾತುಗಳನ್ನು ಕೇಳಬಾರದವರು ಎಂಬ ಮನೆಗಳೂ ಇವೆ. ಇದಕ್ಕೆ ಇನ್ನೂ ಒಳ್ಳೆಯ ದಾರಿ ಬೇಕು.

ಸಾಗರದ ಟೀಚರ್

ನಿಮ್ಮೆಲ್ಲರ ಮಾತುಗಳನ್ನು ಬರೆದಿಟ್ಟುಕೊಂಡು ಕೆಲಸ ಆರಂಭಿಸಿದ್ದೇನೆ. ಊರಿನ ಪರಿಚಿತರೊಬ್ಬರ ಮನೆಯಲ್ಲಿ ಹಳೆಯ ಡೆಕ್ ಸಿಕ್ಕಿತು. ಸ್ಕ್ರೂ ತಿರುಗಿಸಿದಾಗ ತಂದೆಯವರ ವಾಚನ ಕಂಬಳಿ ಸರಿಸಿದಂತೆ ಸ್ಪಷ್ಟವಾಯಿತು. ಮೊದಲ ಬಾರಿ ಇಳಿಸಿಕೊಂಡಿದ್ದಾಗ ಕೇಳದಿದ್ದ ಪುಟ ತಿರುಗಿಸುವ ಸದ್ದೂ ಈಗ ಕೇಳುತ್ತಿದೆ.

ಒಂದು ಹಸೆ ಹಾಡಿನ ಕ್ಯಾಸೆಟ್ ಮಾತ್ರ ಓಡುತ್ತದೆ, ದನಿ ಬರುವುದಿಲ್ಲ. ಕಿವಿಗೊಟ್ಟು ಕೇಳಿದರೆ ಬಹಳ ದೂರದಲ್ಲಿ ಹಾಡುತ್ತಿರುವಂತೆ ಕೇಳುತ್ತದೆ. ಬೇರೆ ಕ್ಯಾಸೆಟ್‌ಗಳು ಅದೇ ಡೆಕ್ಕಿನಲ್ಲಿ ಸರಿಯಾಗಿವೆ.

ಧಾರವಾಡದ ಹಳೆಯ ಡೆಕ್

ಟೇಪು ಕಾಣುವ ಬಾಯಿಯ ಕಡೆಯಿಂದ ನೋಡಿ. ನಡುವೆ ತಾಮ್ರದ ಬಣ್ಣದ ತೆಳು ಸ್ಪ್ರಿಂಗಿನ ಮೇಲೆ ಒಂದು ಚಿಕ್ಕ ಉಣ್ಣೆಯ ಮೆತ್ತೆ ಇರಬೇಕು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಅಂಟು ಒಣಗಿ ಅದು ಉದುರಿರುತ್ತದೆ, ಬಹುಶಃ ಕ್ಯಾಸೆಟ್ಟಿನೊಳಗೇ ಬಿದ್ದಿರುತ್ತದೆ. ಕ್ಯಾಸೆಟ್ಟಿಗೆ ಐದು ಸ್ಕ್ರೂಗಳಿದ್ದರೆ ಬಿಚ್ಚಿ, ಟೇಪಿನ ಎರಡು ಸುರುಳಿಗಳನ್ನೂ ಇದ್ದ ಹಾಗೆಯೇ ಎತ್ತಿ, ಸ್ಕ್ರೂ ಇರುವ ಬೇರೊಂದು ಬೇಡದ ಕ್ಯಾಸೆಟ್ಟಿನ ಖಾಲಿ ಕವಚಕ್ಕೆ ಸೇರಿಸಿ. ಟೇಪನ್ನು ಬೆರಳಿನಿಂದ ಮುಟ್ಟಬೇಡಿ. ತುಂಡಾದ ಟೇಪು ಸಿಕ್ಕರೆ ಸೆಲ್ಲೊಟೇಪ್ ಅಂಟಿಸಬೇಡಿ. ಅದರ ಗೋಂದು ಹರಡಿ ಪಕ್ಕದ ಸುತ್ತುಗಳನ್ನೂ ಅಂಟಿಸಿಬಿಡುತ್ತದೆ, ಟೇಪಿಗೆಂದೇ ಮಾಡಿದ ಸ್ಪ್ಲೈಸಿಂಗ್ ಟೇಪ್ ಬೇಕು. ಕಿಟಕಿಯಿಂದ ನೋಡಿದಾಗ ಸುರುಳಿಯ ಅಂಚಿನಲ್ಲಿ ಬಿಳಿಯ ಚುಕ್ಕೆಗಳು ಕಂಡ ಕ್ಯಾಸೆಟ್‌ಗಳನ್ನು ಸದ್ಯಕ್ಕೆ ಡೆಕ್ಕಿಗೆ ಹಾಕಬೇಡಿ. ಬೂಷ್ಟು ಹೆಡ್ಡಿಗೂ ಅಲ್ಲಿಂದ ಮುಂದಿನ ಟೇಪುಗಳಿಗೂ ಹರಡುತ್ತದೆ.

ಮೈಸೂರಿನ ಗ್ರಂಥಪಾಲ

ಟೀಚರ್, ಪ್ರತಿ ಮಾಡುವ ಹಂತಕ್ಕೆ ಬಂದಾಗ ಒಂದು ಕೆಲಸ ಮಾಡಿ. ನಕಲು ಮುಗಿಯಿತು ಎಂದು ಕಂಪ್ಯೂಟರ್ ಹೇಳಿದ ಮಾತ್ರಕ್ಕೆ ನಂಬಬೇಡಿ. ಪ್ರತಿ ಫೈಲಿಗೂ ಅದರ ಒಳಗಿನ ಎಲ್ಲ ಅಂಶಗಳಿಂದ ಲೆಕ್ಕ ಹಾಕಿದ ಒಂದು ಉದ್ದನೆಯ ಗುರುತನ್ನು ತೆಗೆಯಬಹುದು. ಒಂದೇ ಅಂಶ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ವಿಂಡೋಸ್‌ನಲ್ಲಿ ಬೇರೆ ತಂತ್ರಾಂಶವೇನೂ ಬೇಡ, ಕಮಾಂಡ್ ಪ್ರಾಂಪ್ಟ್ ತೆರೆದು, ಫೈಲಿರುವ ಫೋಲ್ಡರಿಗೆ ಹೋಗಿ ಹೀಗೆ ಬರೆಯಿರಿ:

```
certutil -hashfile 1986_gamaka_03_A.wav SHA256
```

ಫೈಲಿನ ಹೆಸರು ವರ್ಷ, ವಿಷಯ, ಕ್ಯಾಸೆಟ್ ಸಂಖ್ಯೆ, ಬದಿ ಎಂಬ ಕ್ರಮದಲ್ಲಿರಲಿ. ಅದೇ ಸಂಖ್ಯೆಯನ್ನು ಕ್ಯಾಸೆಟ್ಟಿನ ಮೇಲೂ ಪೆನ್ಸಿಲಿನಲ್ಲಿ ಬರೆಯಿರಿ. ಲ್ಯಾಪ್‌ಟಾಪಿನಲ್ಲಿ ಬಂದ ಗುರುತನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡು, ಡಿಸ್ಕಿನ ಪ್ರತಿಗೂ ಪೆನ್‌ಡ್ರೈವಿನ ಪ್ರತಿಗೂ ಅದೇ ಆದೇಶ ಕೊಟ್ಟು ಹೋಲಿಸಿ. ವರ್ಷಕ್ಕೊಮ್ಮೆ ಮತ್ತೆ ಹೋಲಿಸಬೇಕು. ಪೆನ್‌ಡ್ರೈವನ್ನು ವರ್ಷಗಟ್ಟಲೆ ಸಿಕ್ಕಿಸದೆ ಇಟ್ಟರೆ ಅದರಲ್ಲಿರುವುದು ಅಳಿಯುವ ಸಾಧ್ಯತೆ ಇರುವುದರಿಂದ ಅದನ್ನು ಕೊನೆಯ ಆಸರೆಯೆಂದು ನಂಬಬಾರದು.

ತುಮಕೂರು ತಮ್ಮ

ಡಿವಿಡಿಗೆ ಬರೆದಿಟ್ಟರೆ ಆಗುವುದಿಲ್ಲವೇ? ನಮ್ಮ ಮದುವೆಯ ಡಿವಿಡಿ ಇಂದಿಗೂ ಓಡುತ್ತದೆ.

ಮೈಸೂರಿನ ಗ್ರಂಥಪಾಲ

ಒಂದು ಹೆಚ್ಚುವರಿ ಪ್ರತಿಯಾಗಿ ಇಡಬಹುದು. ಆದರೆ ಮನೆಯಲ್ಲಿ ಬರೆಯುವ ಡಿವಿಡಿಯ ಬಣ್ಣದ ಪದರ ಬಿಸಿಲಿಗೂ ತೇವಕ್ಕೂ ಕೆಡುತ್ತದೆ. ಒಂದು ಹತ್ತು ವರ್ಷ ಬಾಳಬಹುದು, ಇನ್ನೊಂದು ಎರಡೇ ವರ್ಷದಲ್ಲಿ ಹೋಗಬಹುದು. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿವಿಡಿ ಓದುವ ಜಾಗವೇ ಇರುವುದಿಲ್ಲ.

ಧಾರವಾಡದ ಹಳೆಯ ಡೆಕ್

ಡಿವಿಡಿಯ ವಿಷಯದಲ್ಲಿ ನಾನು ಗ್ರಂಥಪಾಲರಷ್ಟು ನಿರಾಶನಲ್ಲ. ಕತ್ತಲಲ್ಲಿ, ಒಣಗಿದ ಜಾಗದಲ್ಲಿಟ್ಟವು ನನ್ನಲ್ಲಿ ಚೆನ್ನಾಗಿಯೇ ಇವೆ. ಒಮ್ಮೆ ಬರೆದದ್ದನ್ನು ಯಾರೂ ಕೈತಪ್ಪಿ ಅಳಿಸಲಾರರು ಎಂಬ ಗುಣ ಡಿಸ್ಕಿಗೂ ಇಲ್ಲ, ಕ್ಲೌಡಿಗೂ ಇಲ್ಲ.

ಸಾಗರದ ಟೀಚರ್

ಆಗಿರುವ ಕೆಲಸವನ್ನು ತಿಳಿಸುತ್ತೇನೆ. ಮುವ್ವತ್ತನಾಲ್ಕರಲ್ಲಿ ಮುವ್ವತ್ತೊಂದನ್ನು ಇಳಿಸಿಕೊಂಡಿದ್ದೇನೆ. ಉಳಿದ ಮೂರಕ್ಕೆ ಬಿಳಿಯ ಚುಕ್ಕೆಗಳಿರುವುದರಿಂದ ಪ್ರತ್ಯೇಕ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲಗಳ ಜೊತೆ ಇಟ್ಟಿದ್ದೇನೆ. ಉಣ್ಣೆಯ ಮೆತ್ತೆ ಕ್ಯಾಸೆಟ್ಟಿನೊಳಗೇ ಬಿದ್ದಿತ್ತು. ಹಳೆಯದೊಂದು ಕವಚಕ್ಕೆ ಸುರುಳಿಗಳನ್ನು ಬದಲಿಸಿದ ಮೇಲೆ ಹಾಡು ಪೂರ್ತಿ ಸಿಕ್ಕಿತು.

ನಾದಿನಿಯ ಗಂಡನ ಮನೆಯಲ್ಲಿ ವಿಚಾರಿಸಿದೆ. 1984ರ ಮದುವೆಯ ಕ್ಯಾಸೆಟ್ಟಿನ ನಕಲು ಅವರಲ್ಲಿತ್ತು. ಅದು ನಕಲಿನ ನಕಲು ಇರಬೇಕು, ಹಿಸ್ ಬಹಳವಿದೆ. ಆದರೂ ಅತ್ತೆಯ ಹಾಡಿನ ಒಂದೊಂದು ಪದವೂ ತಿಳಿಯುತ್ತದೆ. ಅಣ್ಣನ ಆ ಒಂದು ಕ್ಯಾಸೆಟ್ ಎಲ್ಲಿಯೂ ಸಿಗಲಿಲ್ಲ. ಅದೊಂದಕ್ಕಾಗಿ ಕೆಟ್ಟ ಡಿಸ್ಕನ್ನು ಬೆಂಗಳೂರಿಗೆ ಕಳಿಸಬೇಕೇ ಎಂಬುದನ್ನು ಅತ್ತಿಗೆಯವರಿಗೆ ಬಿಟ್ಟಿದ್ದೇನೆ. ಅದರಲ್ಲಿ ಏನಿತ್ತೆಂಬುದು ಅವರಿಗೇ ಹೆಚ್ಚು ಗೊತ್ತು.

ಈಗ ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿದೆ. ಇನ್ನೊಂದು ಹೊಸ ಡಿಸ್ಕಿನಲ್ಲಿದ್ದು, ಕೆಲಸ ಮುಗಿದ ಕೂಡಲೇ ಅದನ್ನು ಕಂಪ್ಯೂಟರಿನಿಂದ ಬಿಡಿಸಿಡುತ್ತೇನೆ. ಮೂರನೆಯದು ಪೆನ್‌ಡ್ರೈವಿನಲ್ಲಿ ಶಿವಮೊಗ್ಗದ ಮಗಳ ಮನೆಗೆ ಹೋಗಬೇಕಿತ್ತು. ಕಳಿಸುವ ಮೊದಲು ಗ್ರಂಥಪಾಲರು ಹೇಳಿದಂತೆ ಗುರುತುಗಳನ್ನು ಹೋಲಿಸಿದಾಗ ಒಂದು ವಾಚನದ ಫೈಲಿನ ಗುರುತು ಮಾತ್ರ ಬೇರೆ ಬಂತು. ಹೆಸರು ಅದೇ, ಗಾತ್ರವೂ ಅದೇ. ತೆರೆದು ಕೇಳಿದರೆ ಮೊದಲ ಭಾಗ ಸರಿಯಾಗಿದ್ದು, ಕೊನೆಯ ಕೆಲವು ನಿಮಿಷಗಳು ಬರೀ ನಿಶ್ಶಬ್ದ. ಮೊದಲ ಭಾಗವನ್ನು ಕೇಳಿ ಸರಿಯಾಗಿದೆ ಎಂದು ಕಳಿಸುವುದು ಎಷ್ಟು ಸುಲಭವಾಗಿತ್ತು ಎಂಬುದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ.

ಮೈಸೂರಿನ ಗ್ರಂಥಪಾಲ

ಬರೆಯುವುದು ಪೂರ್ತಿ ಮುಗಿಯುವ ಮೊದಲೇ ಪೆನ್‌ಡ್ರೈವನ್ನು ಎಳೆದರೆ, ಅಥವಾ ಆ ಹೊತ್ತಿಗೆ ಕರೆಂಟು ಹೋದರೆ ಹೀಗಾಗುತ್ತದೆ. ಜಾಗ ಕಾದಿರಿಸಿ ಆಗಿರುತ್ತದೆ, ತುಂಬುವುದು ಆಗಿರುವುದಿಲ್ಲ. ಆ ಫೈಲನ್ನು ಮತ್ತೆ ನಕಲು ಮಾಡಿ, ಇಜೆಕ್ಟ್ ಕೊಟ್ಟ ಮೇಲೆಯೇ ತೆಗೆಯಿರಿ. ತೆಗೆದು ಮತ್ತೆ ಸಿಕ್ಕಿಸಿದ ನಂತರ ಹೋಲಿಸಿದರೆ ಇನ್ನೂ ಖಚಿತ. ಮತ್ತೊಮ್ಮೆ ವ್ಯತ್ಯಾಸ ಬಂದರೆ ಪೆನ್‌ಡ್ರೈವನ್ನೇ ಬದಲಿಸಿ. ಗುರುತಿನ ಪಟ್ಟಿಯ ಒಂದು ಪ್ರತಿಯನ್ನು ಮಗಳ ಮನೆಗೂ ಕಳಿಸಿ, ಅವರೂ ಅಲ್ಲಿಯೇ ಹೋಲಿಸಬಹುದು.

ಸಾಗರದ ಟೀಚರ್

ಮತ್ತೆ ನಕಲು ಮಾಡಿದಾಗ ಗುರುತು ಹೊಂದಿತು. ಇನ್ನೊಂದು ಸಂಶಯ ಉಳಿದಿದೆ. 1986ರ ವಾಚನದ ಕ್ಯಾಸೆಟ್ಟಿನಲ್ಲಿ ತಂದೆಯವರ ದನಿ ಸ್ವಲ್ಪ ಎಳೆಯ ದನಿಯಂತೆ, ಅವಸರದಲ್ಲಿ ಓದಿದಂತೆ ಕೇಳುತ್ತದೆ. ಬದಿಯ ಕೊನೆಗೆ ಹೋದಂತೆ ಅದು ಇನ್ನೂ ಹೆಚ್ಚುತ್ತದೆ. ದೇವಸ್ಥಾನದಲ್ಲಿ ಬ್ಯಾಟರಿ ಹಾಕಿದ ರೆಕಾರ್ಡರಿನಲ್ಲಿ ಮುದ್ರಿಸಿದ್ದು. ಹಿನ್ನೆಲೆಯಲ್ಲಿ ನಮ್ಮ ಮನೆಯ ಶ್ರುತಿಪೆಟ್ಟಿಗೆ ಇದೆ, ಆ ಪೆಟ್ಟಿಗೆ ಇನ್ನೂ ಅಟ್ಟದ ಮೇಲಿದೆ.

ಧಾರವಾಡದ ಹಳೆಯ ಡೆಕ್

ಬ್ಯಾಟರಿ ಇಳಿದಂತೆ ರೆಕಾರ್ಡರ್ ನಿಧಾನವಾಗಿ ಓಡಿದೆ. ಆದ್ದರಿಂದ ಈಗ ಸರಿಯಾದ ವೇಗದಲ್ಲಿ ಓಡಿಸಿದರೆ ದನಿ ಅವಸರವಾಗಿ, ಏರಿ ಕೇಳುತ್ತದೆ. ಶ್ರುತಿಪೆಟ್ಟಿಗೆ ಇರುವುದು ನಿಮ್ಮ ಭಾಗ್ಯ, ಅದರ ಲೋಹದ ನಾಲಿಗೆಗಳ ಸ್ವರ ಸುಮ್ಮನೆ ಬದಲಾಗುವುದಿಲ್ಲ. ಅದನ್ನು ಕೆಳಗಿಳಿಸಿ, ತಂದೆಯವರು ಬಳಸುತ್ತಿದ್ದ ಶ್ರುತಿಯಲ್ಲಿ ನುಡಿಸಿ, ಮೊಬೈಲಿನ ಟ್ಯೂನರಿನಲ್ಲಿ ಅಳೆಯಿರಿ. ಕಪ್ಪು ಒಂದು ಎಂದಿಟ್ಟುಕೊಂಡರೆ ಸುಮಾರು 277 ಹರ್ಟ್ಸ್ ತೋರಿಸಬೇಕು. ಟೇಪಿನಲ್ಲಿ ಅದೇ ಶ್ರುತಿ 291 ಎಂದು ತೋರಿಸಿದರೆ, 277ನ್ನು 291ರಿಂದ ಭಾಗಿಸಿದಾಗ 0.952 ಬರುತ್ತದೆ, ಅಂದರೆ ಆಡಾಸಿಟಿಯಲ್ಲಿ ವೇಗವನ್ನು −4.8 ಪ್ರತಿಶತ ಬದಲಿಸಬೇಕು. ಬದಿಯುದ್ದಕ್ಕೂ ವೇಗ ಬದಲಾಗಿರುವುದರಿಂದ ಒಂದೇ ಅಂಕಿ ಸಾಲದು. ಐದೈದು ನಿಮಿಷಕ್ಕೊಮ್ಮೆ ಅಳೆದು, ಅಂಕಿಗಳನ್ನು ಇಲ್ಲಿ ಹಾಕಿ. ಬ್ಯಾಟರಿ ಒಂದೇ ಸಮನೆ ಇಳಿದಿದ್ದರೆ ವೇಗವನ್ನು ನಿಧಾನವಾಗಿ ಬದಲಿಸುತ್ತಾ ಹೋಗುವ ದಾರಿ ಇದೆ, ನಡುವೆ ಬ್ಯಾಟರಿ ಬದಲಿಸಿದ್ದರೆ ತುಂಡು ತುಂಡಾಗಿಯೇ ಮಾಡಬೇಕಾದೀತು.

ಮೈಸೂರಿನ ಗ್ರಂಥಪಾಲ

ಆ ತಿದ್ದುಪಡಿಯನ್ನು ಬೇರೆ ಹೆಸರಿನ ಫೈಲಿನಲ್ಲಿ ಉಳಿಸಿ, ಟೀಚರ್. ಮೂಲ ಫೈಲನ್ನು ಹಾಗೆಯೇ ಬಿಡಿ, ಇಲ್ಲದಿದ್ದರೆ ಮಗಳ ಮನೆಯಲ್ಲಿರುವ ಪಟ್ಟಿಯ ಗುರುತಿಗೂ ನಿಮ್ಮಲ್ಲಿರುವುದಕ್ಕೂ ತಾಳೆಯಾಗುವುದಿಲ್ಲ. ಹೊಸ ಫೈಲಿನ ಗುರುತನ್ನು ಪಟ್ಟಿಯ ಕೊನೆಗೆ ಸೇರಿಸಿ, ಮುಂದಿನ ಸಲ ಶಿವಮೊಗ್ಗಕ್ಕೆ ಹೋದಾಗ ಅದನ್ನೂ ಅಲ್ಲಿಗೆ ಮುಟ್ಟಿಸಿ.